ಒಂದು ಗುಳಿಗೆಗೆ ಎಷ್ಟು ಬಿತ್ತು?

ಬಾಗಲಕೋಟೆಯ ನವನಗರದಲ್ಲಿ ನಮ್ಮ ತಂದೆಯವರ ಬಿ.ಪಿ. ಮತ್ತು ಶುಗರ್ ಗುಳಿಗೆಗಳನ್ನು ಪ್ರತಿ ತಿಂಗಳು ತರುವ ಕೆಲಸ ನನ್ನದು. ಅದೇ ಔಷಧವಿರುವ ಅಗ್ಗದ ಜೆನೆರಿಕ್‌ಗೆ ಬದಲಾಯಿಸುತ್ತೇನೆಂದಾಗ ಸೋದರಮಾವ, "ಅದು ಬರೇ ಸುಣ್ಣದ ಪುಡಿ, ನಿಮ್ಮಪ್ಪನ ಜೀವದ ಜೋಡಿ ಆಟ ಆಡಬ್ಯಾಡಪಾ" ಎಂದಿದ್ದರು. ಈಗ ಅವರೇ ತಮ್ಮ ಚೀಟಿಯನ್ನು ನನ್ನ ಕೈಗೆ ಕೊಡುತ್ತಾರೆ.

ಬಿ.ಪಿ. ಗುಳಿಗೆಯಾದ ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಲೆಕ್ಕವನ್ನೇ ಹೇಳುತ್ತೇನೆ. ಬ್ರ್ಯಾಂಡಿನ ಸ್ಟ್ರಿಪ್ಪಿನ ಮೇಲೆ ಸುಮಾರು 110 ರೂಪಾಯಿ ಎಂಆರ್‌ಪಿ ಇತ್ತು. ಆದರೆ ಅದರಲ್ಲಿ 15 ಗುಳಿಗೆಗಳಿದ್ದುದರಿಂದ ಒಂದಕ್ಕೆ ಏಳು ರೂಪಾಯಿ ಚಿಲ್ಲರೆ ಬಿದ್ದಿತು. ಮೆಡಿಕಲ್‌ನವರು ಜೆನೆರಿಕ್ ಎಂದು ಕೊಟ್ಟ 10 ಗುಳಿಗೆಗಳ ಸ್ಟ್ರಿಪ್ಪಿನ ಮೇಲೆ 65ರ ಆಸುಪಾಸಿನ ಬೆಲೆಯಿತ್ತು. ಅರ್ಧ ಬೆಲೆಗೆ ಕೊಟ್ಟರೂ ಒಂದಕ್ಕೆ ಮೂರು ರೂಪಾಯಿ ದಾಟಿತು. ಜನೌಷಧಿ ಕೇಂದ್ರದ ಸ್ಟ್ರಿಪ್ಪಿಗೆ ಯಾವ ರಿಯಾಯಿತಿಯೂ ಇರಲಿಲ್ಲ, ಆದರೂ ಹತ್ತಕ್ಕೆ ಹನ್ನೆರಡು ರೂಪಾಯಿಯಷ್ಟೇ ಆಯಿತು. ಅಂಗಡಿಯವರ ಖರೀದಿ ಬೆಲೆ ಬಹಳ ಕಡಿಮೆಯಿದ್ದು ಮುದ್ರಿತ ಬೆಲೆ ಎತ್ತರದಲ್ಲಿರುವ ಇಂಥ ಜೆನೆರಿಕ್‌ಗಳಲ್ಲಿ "ಶೇ. 50 ಸೂಟ್" ಎಂಬ ಮಾತಿಗೆ ನಾನು ಬೆಲೆಯನ್ನೇ ಕೊಡುವುದಿಲ್ಲ, ಕೈಯಿಂದ ಕೊಟ್ಟ ಹಣವನ್ನು ಗುಳಿಗೆಗಳ ಸಂಖ್ಯೆಯಿಂದ ಭಾಗಿಸುತ್ತೇನೆ.

ಬೆಲೆಗಿಂತ ಹೆಚ್ಚು ಕಾಡಿದ್ದು ಸ್ಟ್ರಿಪ್ಪಿನ ಸಣ್ಣಕ್ಷರಗಳು. ಶುಗರ್ ಗುಳಿಗೆಯಾದ ಮೆಟ್‌ಫಾರ್ಮಿನ್ 500 ಕೇಳಿದಾಗ ಒಂದು ಅಂಗಡಿಯಲ್ಲಿ ತೀರ ಅಗ್ಗದ್ದನ್ನು ಕೊಟ್ಟರು. ಚೀಟಿಯಲ್ಲಿ ಎಸ್‌ಆರ್ ಎಂದಿತ್ತು, ಅಂದರೆ ನಿಧಾನವಾಗಿ ಬಿಡುಗಡೆಯಾಗುವುದು. ಕೊಟ್ಟದ್ದು ಸಾದಾ ಗುಳಿಗೆ. ಇವೆರಡರ ಬೆಲೆಯನ್ನು ಹೋಲಿಸುವುದೇ ಸಲ್ಲದು. ಸ್ಟ್ರಿಪ್ಪನ್ನು ಕತ್ತರಿಸಿ ಕೊಡುವಾಗ ಬೆಲೆ, ಬ್ಯಾಚ್ ಮತ್ತು ಅವಧಿ ಮುದ್ರಿಸಿದ ತುದಿ ಅಂಗಡಿಯಲ್ಲೇ ಉಳಿದರೆ ಪರಿಶೀಲಿಸಲು ಏನೂ ಇರುವುದಿಲ್ಲ. ಆದ್ದರಿಂದ ನಾನು ಇಡೀ ಸ್ಟ್ರಿಪ್ಪನ್ನೇ ಕೊಳ್ಳುತ್ತೇನೆ. ವೈದ್ಯರು ಬ್ರ್ಯಾಂಡಿನ ಹೆಸರು ಬರೆದಿದ್ದರೆ ಅಂಗಡಿಯವರು ತಾವಾಗಿ ಬದಲಿಸುವಂತಿಲ್ಲ. ಅದಕ್ಕೆ ಮೂಲ ಔಷಧದ ಹೆಸರನ್ನೇ ಬರೆಸಿಕೊಂಡೆ.

ಸುಣ್ಣದ ಪುಡಿಯ ಮಾತಿಗೆ ಉತ್ತರವಾಗಿ ಬ್ರ್ಯಾಂಡಿನ ಮತ್ತು ಜೆನೆರಿಕ್‌ನ ಸಾದಾ ಮೆಟ್‌ಫಾರ್ಮಿನ್ ಗುಳಿಗೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿ ನೋಡಿದೆ. ಎರಡೂ ಹತ್ತು ನಿಮಿಷದ ಆಚೀಚೆ ಒಡೆದವು. ಮಾವ ತಲೆದೂಗಿದರು, ಆದರೆ ಇದರಿಂದ ಒಳಗಿನ ಔಷಧದ ಪ್ರಮಾಣ ತಿಳಿಯುವುದಿಲ್ಲವೆಂದು ನಾನೇ ಹೇಳಿದೆ. ನಂಬಿಕೆ ಬಂದದ್ದು ಬಿ.ಪಿ. ಪಟ್ಟಿಯಿಂದ: ಬದಲಾವಣೆಗೆ ಮುನ್ನ ಮತ್ತು ನಂತರ ಎರಡೆರಡು ವಾರ, ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಯಂತ್ರದಲ್ಲಿ ಅಳೆದು ವೈದ್ಯರಿಗೆ ತೋರಿಸಿದೆ. ವ್ಯತ್ಯಾಸವಿರಲಿಲ್ಲ. ಟೆಲ್ಮಿಸಾರ್ಟನ್ ತೇವ ಹೀರುವುದರಿಂದ ಅದನ್ನು ಮೊದಲೇ ಬಿಡಿಸಿ ಡಬ್ಬಿಯಲ್ಲಿಡುವುದಿಲ್ಲ.

ಬಿ.ಪಿ. ಗುಳಿಗೆಯೊಂದರಲ್ಲೇ ತಿಂಗಳಿಗೆ ಇನ್ನೂರರ ಹತ್ತಿರ ಉಳಿಯುತ್ತದೆ. ಜನೌಷಧಿಯಲ್ಲಿ ಆಗಾಗ ಸ್ಟಾಕ್ ಮುಗಿದಿರುತ್ತದೆ. ಯಾವ ದಿನ ಹೋದರೆ ಸಿಗುತ್ತದೆಂಬುದು ನನ್ನಲ್ಲೇ ಇರಲಿ. ತಾಯಿಯವರ ಥೈರಾಯ್ಡ್ ಗುಳಿಗೆಯನ್ನು ಮಾತ್ರ ಮುಟ್ಟಿಲ್ಲ. ಅದರಲ್ಲಿ ಅಲ್ಪ ವ್ಯತ್ಯಾಸವೂ ರಕ್ತಪರೀಕ್ಷೆಯಲ್ಲಿ ಕಾಣುವುದರಿಂದ, ಕಂಪನಿ ಬದಲಿಸಿದರೆ ಆರೆಂಟು ವಾರಗಳ ಬಳಿಕ ಟಿಎಸ್‌ಎಚ್ ಮಾಡಿಸಬೇಕೆಂದು ವೈದ್ಯರು ಹೇಳಿದ್ದಾರೆ, ಮತ್ತು ಆ ಪರೀಕ್ಷೆಯ ಖರ್ಚು ಅಲ್ಲಿ ಉಳಿಯುವ ಹಣವನ್ನು ನುಂಗಿಬಿಡುತ್ತದೆ.