ಹೊಸ ಹೆಸರನ್ನು ಮೊದಲು ಕಿವಿಗೆ ಹಾಕಿ

ಹೊಸ ಉತ್ಪನ್ನದ ಹೆಸರು ಬೇರೆ ಭಾಷೆಯಲ್ಲಿ ಹೊಲಸಾಗಿ ಕೇಳುತ್ತದೋ ಅಂತ ತಿಳಿಯಲು ಹೆಚ್ಚಿನವರು ಮೊದಲು ಡಿಕ್ಷನರಿ ತೆರೆಯುತ್ತಾರೆ. ಎಡವುವುದು ಅಲ್ಲೇ. ಹುಂಡೈಯ ‘ಕೋನಾ’ ಕಾರನ್ನೇ ನೋಡಿ. ಹವಾಯಿಯ ಒಂದು ಸೀಮೆಯ ಹೆಸರು, ‘ಕೆ’ ಅಕ್ಷರದಿಂದ ಶುರು. ಆ ಕಾಗುಣಿತದಲ್ಲಿ ಹುಡುಕಿದರೆ ಪೋರ್ಚುಗೀಸ್ ಡಿಕ್ಷನರಿಯಲ್ಲಿ ಏನೂ ಸಿಗದು. ಆದರೆ ಬಾಯಲ್ಲಿ ಹೇಳಿದ ಕೂಡಲೇ ‘ಸಿ’ಯಿಂದ ಬರೆಯುವ, ಹೆಣ್ಣಿನ ಗುಪ್ತಾಂಗದ ಒರಟು ಹೆಸರು ಕೇಳುತ್ತದೆ.

ಮೊದಲ ಹೆಜ್ಜೆ ಸುಲಭ: ಭಾಷೆಗಳ ಪಟ್ಟಿ ಬೇಡ, ಮಾರುವ ದೇಶಗಳ ಪಟ್ಟಿ ಮಾಡಿ. ಬ್ಯೂಕ್ ‘ಲಾಕ್ರಾಸ್’ ಕಾರಿಗೆ ತೊಂದರೆಯಾದದ್ದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಆಡುಮಾತಿನ ಫ್ರೆಂಚ್‌ನಿಂದ, ಅಲ್ಲಿ ಆ ಹೆಸರು ಹೊಲಸು ಮಾತಿನಂತೆ ಕೇಳುತ್ತದೆ. ಹಾಗಾಗಿ ಕೆನಡಾದಲ್ಲಿ ಅದು ‘ಅಲ್ಯೂರ್’ ಆಗಿ ಬಂತು.

ಎರಡನೆಯದು ಕಿವಿ ಪರೀಕ್ಷೆ. ಇಲ್ಲಿ ಅವಸರ ಬೇಡವೇ ಬೇಡ. ಪ್ರತಿ ದೇಶದಿಂದ ಕನಿಷ್ಠ ಐದು ಜನ ಬೇಕು, ಈಗಲೂ ಅಲ್ಲೇ ಬಾಳುವವರು, ಅದರಲ್ಲಿ ಇಬ್ಬರಾದರೂ ಈಗಷ್ಟೇ ಹದಿಹರೆಯ ದಾಟಿದವರು. ಇಪ್ಪತ್ತು ವರ್ಷದ ಹಿಂದೆ ಊರು ಬಿಟ್ಟವರಿಗೆ ಇವತ್ತಿನ ಬೈಗುಳ ಗೊತ್ತಿರುವುದಿಲ್ಲ. ಹೆಸರನ್ನು ಬರೆದು ತೋರಿಸಬೇಡಿ, ಕೇಳಿಸಿ. ಕೇಳಿದ್ದನ್ನು ಅವರೇ ಬರೆಯಲಿ. ಆಮೇಲೆ ‘ಇದಕ್ಕೆ ಕೆಟ್ಟ ಅರ್ಥ ಇದೆಯಾ?’ ಅಂತ ಕೇಳಿದರೆ ಮರ್ಯಾದೆಗೆ ‘ಇಲ್ಲ’ ಅಂದುಬಿಡುತ್ತಾರೆ. ‘ಶಾಲೆ ಹುಡುಗರು ಇದನ್ನು ಹೇಗೆ ಆಡಿಕೊಳ್ಳಬಹುದು?’ ಅಂತ ಕೇಳಿ. ನನ್ನ ಪ್ರಕಾರ ಇದೊಂದು ಪ್ರಶ್ನೆ ಉಳಿದೆಲ್ಲದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಉತ್ತರಕ್ಕೆ ಮೊದಲೇ ಯಾರಾದರೂ ಮುಸಿಮುಸಿ ನಕ್ಕರೆ ಅದನ್ನೂ ಬರೆದುಕೊಳ್ಳಿ.

ಹೆಸರಿನಲ್ಲಿ ಅಂಕಿ ಇದ್ದರೆ ಅವರ ಭಾಷೆಯಲ್ಲೇ ಓದಿಸಿ. ಟೊಯೋಟಾದ ‘ಎಂಆರ್2’ ಫ್ರೆಂಚರ ಬಾಯಲ್ಲಿ ‘ಎಂ ಆರ್ ದ’. ಬೇಗ ಹೇಳಿದರೆ ಮಲಕ್ಕೆ ಅವರು ಬಳಸುವ ಬೈಗುಳದ ಹತ್ತಿರ ಹೋಗುತ್ತದೆ. ಫ್ರಾನ್ಸ್‌ನಲ್ಲಿ 2 ಕಿತ್ತು, ಬರೀ ‘ಎಂಆರ್’ ಅಂತ ಮಾರಿದರು. (ಅನುವಾದ ಆ್ಯಪ್‌ಗೆ ಹೆಸರು ಹಾಕಿ ನೋಡುವ ಅಡ್ಡದಾರಿ ಇಂಥದ್ದನ್ನು ಹಿಡಿಯುವುದಿಲ್ಲ. ಸುಮ್ನೆ ಧೈರ್ಯ ಕೊಡುತ್ತದೆ, ಅಷ್ಟೆ.)

ಮೂರನೆಯದು ತೂಗಿ ನೋಡುವುದು. ಎಲ್ಲದಕ್ಕೂ ಬೆಚ್ಚಬೇಕಿಲ್ಲ. ಷೆವರ್ಲೆ ‘ನೋವಾ’ ಸ್ಪ್ಯಾನಿಷ್‌ನಲ್ಲಿ ‘ನೋ ವಾ’, ಅಂದರೆ ‘ಓಡಲ್ಲ’ ಅಂತ ಕೇಳಿ ಸೋತಿತು ಎನ್ನುವ ಕಥೆ ಎಲ್ಲರಿಗೂ ಗೊತ್ತು. ಅದು ಬರೀ ಕಟ್ಟುಕಥೆ. ಹೆಸರಿನಲ್ಲಿ ಒತ್ತು ‘ನೋ’ ಮೇಲೆ, ಆ ಮಾತಿನಲ್ಲಿ ‘ವಾ’ ಮೇಲೆ. ಮೆಕ್ಸಿಕೊದ ಸರ್ಕಾರಿ ತೈಲ ಕಂಪನಿಯೇ ‘ನೋವಾ’ ಹೆಸರಲ್ಲಿ ಪೆಟ್ರೋಲ್ ಮಾರಿತ್ತು. ಒಡೆದು ಹೇಳಿದರೆ ಮಾತ್ರ ಹೊಳೆಯುವ ಅರ್ಥವನ್ನು ಬಿಟ್ಟುಬಿಡಿ. ಇಡೀ ಹೆಸರೇ ಬೈಗುಳವಾದರೆ ಬದಲಿಸಿ. ಮಿತ್ಸುಬಿಷಿ ‘ಪಜೆರೊ’ ಸ್ಪೇನ್‌ನಲ್ಲಿ ‘ಮೊಂಟೆರೊ’ ಆದದ್ದು ಹೀಗೆ.

ಬದಲಿ ಹೆಸರು ಮೂಲದ ಬಳಗದಲ್ಲೇ ಇದ್ದರೆ ಚೆಂದ. ಪೋರ್ಚುಗಲ್‌ನಲ್ಲಿ ಕೋನಾ ‘ಕವಾಯ್’ ಆಯಿತು, ಅದೂ ಹವಾಯಿಯದೇ ಒಂದು ದ್ವೀಪ. ಆ ಹೊಸ ಹೆಸರನ್ನೂ ಮತ್ತೆ ಅದೇ ಐದು ಜನರ ಕಿವಿಗೆ ಹಾಕಿ.