ಬೆಳಗಿನ ಐದೂವರೆಯ ಗಾಳಿ

ಹನ್ನೊಂದು ವರ್ಷ ನಾನು ಬೆಳಗಿನ ಐದೂವರೆಗೆ ಹುಬ್ಬಳ್ಳಿಯ ವಿದ್ಯಾನಗರದ ಮನೆಯಿಂದ ಹೊರಟು, ಪಿ.ಬಿ. ರಸ್ತೆಯ ಅಂಚು ಹಿಡಿದು ಉಣಕಲ್ ಕೆರೆಯವರೆಗೆ ಓಡಿ ಮರಳುತ್ತಿದ್ದೆ. ಒಟ್ಟು ನಲವತ್ತು ನಿಮಿಷ. ಅದರ ಕೊನೆಯ ಮೂರು ಚಳಿಗಾಲಗಳಲ್ಲಿ ಮಾತ್ರ ಡಿಸೆಂಬರ್ ಕಾಲಿಟ್ಟರೆ ಸಾಕು, ಓಟ ಮುಗಿದ ಹತ್ತು ನಿಮಿಷಕ್ಕೆ ಒಣಕೆಮ್ಮು ಶುರುವಾಗುತ್ತಿತ್ತು, ಎದೆ ಬಿಗಿಯುತ್ತಿತ್ತು. ಚಳಿಗೆ ಹೀಗಾಗುತ್ತಿದೆ ಎಂದುಕೊಂಡು ಎರಡು ವರ್ಷ ಕಳೆದೆ. ಮೂರನೆಯ ವರ್ಷ ವೈದ್ಯರ ಬಳಿ ಹೋದಾಗ ಅವರು ಕೊಳವೆಯಲ್ಲಿ ಊದಿಸಿ ಶ್ವಾಸಕೋಶದ ಶಕ್ತಿಯನ್ನು ಪರೀಕ್ಷಿಸಿದರು. ನಂತರ ಕೇಳಿದ್ದು ಒಂದೇ ಪ್ರಶ್ನೆ: “ನೀವು ಓಡುವುದು ಎಲ್ಲಿ, ಎಷ್ಟು ಹೊತ್ತಿಗೆ?”

ನಸುಕಿನ ಗಾಳಿಯೇ ದಿನದ ಅತ್ಯಂತ ಶುದ್ಧ ಗಾಳಿ ಎಂದು ನಾನು ನಂಬಿದ್ದೆ. ಚಳಿಗಾಲದಲ್ಲಿ ಅದು ನಿಜವಲ್ಲ. ರಾತ್ರಿ ನೆಲ ಬೇಗ ತಣ್ಣಗಾಗುವುದರಿಂದ ನೆಲದ ಹತ್ತಿರದ ತಂಪು ಗಾಳಿಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂರುತ್ತದೆ. ಹಿಂದಿನ ಸಂಜೆಯ ವಾಹನಗಳ ಹೊಗೆ, ರಾತ್ರಿ ಸಾಗಿದ ಲಾರಿಗಳು ಎಬ್ಬಿಸಿದ ಧೂಳು, ರಸ್ತೆ ಬದಿಯಲ್ಲಿ ಯಾರೋ ಹಚ್ಚಿದ ಒಣ ಎಲೆಯ ರಾಶಿಯ ಹೊಗೆ, ಎಲ್ಲವೂ ಅದರ ಕೆಳಗೇ ಉಳಿಯುತ್ತವೆ. ಬಿಸಿಲೇರಿ ನೆಲ ಕಾದ ಮೇಲೆಯೇ ಅವು ಮೇಲಕ್ಕೆದ್ದು ಚದುರುತ್ತವೆ. ಅಂದರೆ ನಾನು ಆರಿಸಿಕೊಂಡಿದ್ದ ಹೊತ್ತೂ ತಪ್ಪು, ದಾರಿಯೂ ತಪ್ಪು.

‘ಸಮೀರ್’ ಆ್ಯಪ್‌ನಲ್ಲಿ ವಾಯು ಗುಣಮಟ್ಟ ಸೂಚ್ಯಂಕ ನೋಡಿದರೆ ಸಾಕಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ನಾನೂ ಮೊದಲು ಅಷ್ಟೇ ಮಾಡಿದ್ದೆ. ಆದರೆ ಧೂಳಿನ ಕಣಗಳ ಮಟ್ಟಿಗೆ ಆ ಸಂಖ್ಯೆ ಹಿಂದಿನ 24 ಗಂಟೆಗಳ ಸರಾಸರಿ. ಮಧ್ಯಾಹ್ನದ ತಿಳಿಗಾಳಿಯೂ ಅದರಲ್ಲಿ ಸೇರಿರುವುದರಿಂದ, ಸೂಚ್ಯಂಕ 90 ಇದ್ದು ‘ಸಮಾಧಾನಕರ’ ಎಂದು ತೋರಿಸುವ ದಿನವೂ ಬೆಳಗಿನ ಆರರ ಗಾಳಿ ಕೆಟ್ಟದಾಗಿರಬಹುದು. ಅದಕ್ಕಾಗಿ ಸೂಕ್ಷ್ಮ ಕಣಗಳನ್ನು, ಅಂದರೆ ಪಿಎಂ 2.5 ಅನ್ನು, ಅಳೆಯುವ ಅಂಗೈಯಗಲದ ಮೀಟರ್ ಕೊಂಡೆ. ಆರು ವಾರ ಅದನ್ನು ಕೈಯಲ್ಲಿ ಹಿಡಿದೇ ನಡೆದಾಡಿದೆ. ಮಂಜು ಮುಸುಕಿದ ದಿನ ಅದರ ಮಾತನ್ನು ನಂಬಬಾರದು ಎಂಬುದು ಬೇಗ ತಿಳಿಯಿತು. ಅದು ಬೆಳಕು ಬೀರಿ ಕಣಗಳನ್ನು ಎಣಿಸುವ ಯಂತ್ರ. ತೇವ ಹೀರಿ ಉಬ್ಬಿದ ಕಣವನ್ನೂ ಮಂಜಿನ ಹನಿಯನ್ನೂ ಧೂಳೆಂದೇ ಲೆಕ್ಕ ಹಾಕುತ್ತದೆ. ಹಾಗಾಗಿ ಮಂಜಿಲ್ಲದ ದಿನಗಳ ಲೆಕ್ಕವನ್ನಷ್ಟೇ ವಹಿಯಲ್ಲಿ ಬರೆದಿಟ್ಟೆ.

ಡಿಸೆಂಬರ್‌ನ ಅಂಥ ಒಂದು ಬೆಳಿಗ್ಗೆ ಆರು ಗಂಟೆಗೆ ರಸ್ತೆಯಂಚಿನಲ್ಲಿ ಘನ ಮೀಟರ್ ಗಾಳಿಗೆ 70 ಮೈಕ್ರೋಗ್ರಾಂ ತೋರಿಸಿತು. ನಮ್ಮ ದೇಶದ ಮಾನದಂಡ ಇಡೀ ದಿನದ ಸರಾಸರಿಗೆ 60. ನೋಡಲು ತುಸುವೇ ಹೆಚ್ಚು. ಆದರೆ ಓಡುವವನ ಲೆಕ್ಕ ಬೇರೆ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಏಳೆಂಟು ಲೀಟರ್ ಗಾಳಿ ಎಳೆದುಕೊಳ್ಳುವ ನಾನು ಓಡುವಾಗ ಸುಮಾರು ಐವತ್ತು ಲೀಟರ್ ಎಳೆದುಕೊಳ್ಳುತ್ತೇನೆ. ಅದೂ ಬಾಯಿಯಿಂದ, ಮೂಗಿನ ಸೋಸುವಿಕೆಯನ್ನು ತಪ್ಪಿಸಿ. ನಲವತ್ತು ನಿಮಿಷಕ್ಕೆ ಎರಡು ಸಾವಿರ ಲೀಟರ್, ಅಂದರೆ ಎರಡು ಘನ ಮೀಟರ್. ಒಳಗೆ ಎಳೆದುಕೊಂಡ ಸೂಕ್ಷ್ಮ ಧೂಳು 140 ಮೈಕ್ರೋಗ್ರಾಂ. ಅಷ್ಟೇ ಹೊತ್ತು ಅದೇ ಜಾಗದಲ್ಲಿ ಕುಳಿತಿದ್ದರೆ ಇಪ್ಪತ್ತೆರಡರ ಆಸುಪಾಸು. ಎನ್95 ಮುಖಗವಸು ಧರಿಸಿಯೂ ಓಡಿ ನೋಡಿದೆ. ಬೆವರಿಗೆ ತೊಯ್ದು ಉಸಿರಾಟ ಭಾರವಾಯಿತು, ಹತ್ತು ನಿಮಿಷಕ್ಕೆ ಕೆನ್ನೆಯ ಬಳಿ ಅಂಚು ಸಡಿಲವಾಗಿ ಗಾಳಿ ನುಸುಳಿತು. ನಡಿಗೆಗೆ ಅದು ಸರಿ, ಓಟಕ್ಕೆ ನನ್ನಿಂದಾಗಲಿಲ್ಲ.

ಹಾಗಾದರೆ ಮನೆಯೊಳಗೇ ಮಾಡೋಣ ಎಂದು ನಿರ್ಧರಿಸಿ ಪಡಸಾಲೆಯಲ್ಲಿ ಮಣೆ ಹತ್ತಿ ಇಳಿಯುವ ವ್ಯಾಯಾಮ ಶುರು ಮಾಡಿದೆ. ಮೊದಲ ದಿನವೇ ಮೀಟರ್ 210 ತೋರಿಸಿತು. ಹೊರಗಿನ ಮೂರು ಪಟ್ಟು! ಯಂತ್ರ ಕೆಟ್ಟಿತೆಂದೇ ತಿಳಿದು ಅಂಗಳಕ್ಕೆ ಒಯ್ದೆ, ಅಲ್ಲಿ 65 ಕ್ಕೆ ಇಳಿಯಿತು. ಒಳಗೆ ತಂದಾಗ ಮತ್ತೆ ಏರಿತು. ದೇವರ ಜಗುಲಿಯ ಮುಂದೆ ಅವ್ವ ಹಚ್ಚಿದ್ದ ಎರಡು ಉದಿನಕಡ್ಡಿಗಳು ಆಗಷ್ಟೇ ಮುಗಿಯುತ್ತಿದ್ದವು. ಚಳಿಗೆಂದು ಕಿಟಕಿಗಳನ್ನು ಮುಚ್ಚಿದ್ದೆವು. ಬಾಗಿಲು ಮುಚ್ಚಿದರೆ ಗಾಳಿ ಶುದ್ಧವಾಗುವುದಿಲ್ಲ, ಒಳಗೆ ಹುಟ್ಟಿದ ಹೊಗೆಯೂ ಒಳಗೇ ಉಳಿಯುತ್ತದೆ. ಇದು ನನಗೆ ಆ ದಿನ ಕಣ್ಣಿಗೆ ಕಟ್ಟಿದಂತೆ ತಿಳಿಯಿತು. ಮುಂದಿನ ವಾರವೆಲ್ಲ ಮನೆಯ ಒಂದೊಂದೇ ಕೆಲಸವನ್ನು ಅಳೆದೆ. ಒಗ್ಗರಣೆ ಹಾಕಿದಾಗ, ಕಸ ಗುಡಿಸಿದಾಗ, ಸೊಳ್ಳೆ ಬತ್ತಿ ಹಚ್ಚಿದಾಗ ಪ್ರತಿ ಬಾರಿಯೂ ಸಂಖ್ಯೆ ಜಿಗಿಯಿತು, ಇಳಿಯಲು ಅರ್ಧದಿಂದ ಒಂದು ಗಂಟೆ ಹಿಡಿಯಿತು.

“ದೇವರ ಮುಂದೆ ಉದಿನಕಡ್ಡಿ ಹಚ್ಚಬಾರದು ಎಂದರೆ ಹೇಗಪ್ಪಾ?” ಎಂದು ಅವ್ವ ನೊಂದುಕೊಂಡಳು. ಅವಳ ಎಪ್ಪತ್ತು ದಾಟಿದ ಎದೆಗೂ ಅದೇ ಹೊಗೆ ಹೋಗುತ್ತಿತ್ತು; ನನಗೆ ಅದರ ಚಿಂತೆಯೇ ಹೆಚ್ಚಾಯಿತು. ಮೀಟರನ್ನು ಅವಳ ಕೈಗೇ ಕೊಟ್ಟೆ. ಎರಡು ದಿನ ತಾನೇ ನೋಡಿದಳು. ಈಗ ಜಗುಲಿಯ ಮುಂದೆ ದೀಪ ಮಾತ್ರ ಬೆಳಗುತ್ತದೆ, ಉದಿನಕಡ್ಡಿಯನ್ನು ಅಂಗಳದ ತುಳಸಿ ಕಟ್ಟೆಗೆ ಹಚ್ಚುತ್ತಾಳೆ. ನನ್ನ ವ್ಯಾಯಾಮ ಒಲೆ ಹೊತ್ತುವ ಮೊದಲೇ ಮುಗಿಯುತ್ತದೆ. ಹಿಂದಿನ ಸಂಜೆ ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತೇನೆ, ಏಕೆಂದರೆ ಒಣ ನೆಲದ ಮೇಲೆ ಕುಣಿದರೆ ಕೂತ ಧೂಳೆಲ್ಲ ಮೇಲೇಳುತ್ತದೆ. ಮಧ್ಯಾಹ್ನ ಎರಡು ಗಂಟೆ ಕಿಟಕಿಗಳನ್ನು ಪೂರ್ತಿ ತೆರೆದಿಟ್ಟು, ಸಂಜೆಯ ವಾಹನ ದಟ್ಟಣೆಗೆ ಮೊದಲು ರಸ್ತೆಯ ಕಡೆಯವನ್ನು ಮುಚ್ಚುತ್ತೇವೆ. ಇಷ್ಟರಿಂದಲೇ ಬೆಳಗಿನ ಪಡಸಾಲೆ 30 ರ ಹತ್ತಿರಕ್ಕೆ ಬಂತು. ಶುದ್ಧೀಕರಣ ಯಂತ್ರ ಕೊಳ್ಳುವ ಅಗತ್ಯ ನನಗೆ ಬೀಳಲಿಲ್ಲ. ದಟ್ಟ ರಸ್ತೆಗೆ ಅಂಟಿಕೊಂಡ ಮನೆಯಾಗಿದ್ದರೆ ಬೀಳುತ್ತಿತ್ತೇನೋ.

ವ್ಯಾಯಾಮದ ಮಾತಿಗೆ ಬರುತ್ತೇನೆ. ಬಡಿಗನಿಂದ ಇಪ್ಪತ್ತು ಸೆಂಟಿಮೀಟರ್ ಎತ್ತರದ ಗಟ್ಟಿ ಮಣೆ ಮಾಡಿಸಿದೆ. ಬಲಗಾಲು ಮೇಲೆ, ಎಡಗಾಲು ಮೇಲೆ, ಬಲಗಾಲು ಕೆಳಗೆ, ಎಡಗಾಲು ಕೆಳಗೆ, ಇದು ಒಂದು ಸುತ್ತು. ನಿಮಿಷಕ್ಕೆ ಇಪ್ಪತ್ನಾಲ್ಕು ಸುತ್ತು ಹಾಕಿ, ಹತ್ತು ಸೆಕೆಂಡು ನಾಡಿ ಎಣಿಸಿ ಆರರಿಂದ ಗುಣಿಸಿದರೆ 114 ಬಂತು. ರಸ್ತೆಯ ಓಟದಲ್ಲಿ ಅದು 145 ಇರುತ್ತಿತ್ತು. ಅಂದರೆ ಇದು ಬಿರುಸಿನ ನಡಿಗೆಗೆ ಸಮ, ಓಟಕ್ಕಲ್ಲ. ಆತುರದಿಂದ ಎತ್ತರವನ್ನು ಮೂವತ್ತಕ್ಕೆ ಏರಿಸಿದೆ, ನಾಡಿಯೂ ಏರಿತು, ಆದರೆ ಎರಡನೆಯ ವಾರಕ್ಕೆ ಬಲಮಂಡಿ ನೋಯತೊಡಗಿತು. ಪ್ರತಿ ಸುತ್ತಿಗೂ ಬಲಗಾಲಿನಿಂದಲೇ ಏರುತ್ತಿದ್ದೆ, ಇಳಿಯುವಾಗ ದೊಪ್ಪನೆ ಇಳಿಯುತ್ತಿದ್ದೆ. ಒಂದು ವಾರ ಬಿಟ್ಟು, ಮತ್ತೆ ಇಪ್ಪತ್ತಕ್ಕೇ ಇಳಿಸಿ, ನಿಮಿಷಕ್ಕೊಮ್ಮೆ ಕಾಲು ಬದಲಿಸುವ ರೂಢಿ ಮಾಡಿಕೊಂಡೆ. ಕೊರತೆಯನ್ನು ಬೈಠಕ್‌ಗಳಿಂದ ತುಂಬಿದೆ. ನಾಲ್ಕು ನಿಮಿಷ ಮಣೆ, ನಂತರ ಹದಿನೈದು ಬೈಠಕ್, ಎಂಟು ದಂಡ. ಹೀಗೆ ಆರು ಬಾರಿ. ಚಿಕ್ಕಂದಿನಲ್ಲಿ ಗರಡಿ ಮನೆಯಲ್ಲಿ ಕಲಿತದ್ದು ಐವತ್ತರ ಹತ್ತಿರ ಬಂದಾಗ ಕೈ ಹಿಡಿಯಿತು. ನಾಡಿ ಈಗ 130 ದಾಟುತ್ತದೆ. ನಿಮಿಷಕ್ಕೆ ಮೂವತ್ತೈದು ಲೀಟರ್ ಉಸಿರೆಂದು ಹಿಡಿದರೂ ನಲವತ್ತು ನಿಮಿಷದ ಧೂಳು ಸುಮಾರು 42 ಮೈಕ್ರೋಗ್ರಾಂ, ರಸ್ತೆಯದರ ಮೂರನೆಯ ಒಂದು ಪಾಲಿಗೂ ಕಡಿಮೆ.

ಹೊರಗಿನ ಓಟವನ್ನು ನಾನು ಬಿಟ್ಟಿಲ್ಲ. ಭಾನುವಾರ ರಸ್ತೆಯಿಂದ ದೂರದ ನೃಪತುಂಗ ಬೆಟ್ಟಕ್ಕೆ ಹೋಗುತ್ತೇನೆ, ಅದೂ ಬಿಸಿಲು ಬಲಿತ ಒಂಬತ್ತರ ನಂತರ. ಉಣಕಲ್ ಕೆರೆಗೆ ಹೋದರೆ ಪಿ.ಬಿ. ರಸ್ತೆಗೆ ತಾಗಿದ ಬದಿ ಬಿಟ್ಟು ಒಳಬದಿಗೆ ಸರಿಯುತ್ತೇನೆ. ರಸ್ತೆಯಿಂದ ನೂರಿನ್ನೂರು ಮೀಟರ್ ಸರಿದರೆ ವಾಹನದ ಹೊಗೆ ಗಣನೀಯವಾಗಿ ತಗ್ಗುತ್ತದೆ. ಎದೆ ಬಿಗಿದರೆ ಅಲ್ಲಿಗೇ ನಿಲ್ಲಿಸಬೇಕೆಂದು ವೈದ್ಯರು ಹೇಳಿದ್ದಾರೆ, ನಿಲ್ಲಿಸುತ್ತೇನೆ.

ಮಣೆಯ ವ್ಯಾಯಾಮ ಓಟದ ಪೆಟ್ಟನ್ನು ಕಾಲಿಗೆ ಕೊಡುವುದಿಲ್ಲ, ಹಾಗಾಗಿ ಕಾಲಿಗೆ ಅದರ ರೂಢಿ ತಪ್ಪುತ್ತದೆ. ಕಳೆದ ಮಾರ್ಚ್‌ನಲ್ಲಿ ಇದನ್ನು ಮರೆತು ಮೊದಲ ದಿನವೇ ಪೂರ್ತಿ ದೂರ ಓಡಿದೆ, ಮೀನಖಂಡ ನಾಲ್ಕು ದಿನ ಹಿಡಿದುಕೊಂಡಿತ್ತು. ಈ ಬಾರಿ ಅರ್ಧ ದೂರದಿಂದ ಆರಂಭಿಸಿ ವಾರಕ್ಕೆ ಅರ್ಧ ಕಿಲೋಮೀಟರ್‌ನಂತೆ ಸೇರಿಸುತ್ತಿದ್ದೇನೆ. ಜೂನ್‌ನ ಮಳೆ ಧೂಳನ್ನು ತೊಳೆಯುವ ಹೊತ್ತಿಗೆ ಹಳೆಯ ದೂರಕ್ಕೆ ಮರಳಬಹುದು. ಮಣೆಯನ್ನು ಒರೆಸಿ ಮಂಚದ ಕೆಳಗೆ ಇಟ್ಟಿದ್ದೇನೆ.