ಹಾಲ್‌ನಲ್ಲಿ ಕೂತವರಿಗೂ ಝೂಮ್‌ನಲ್ಲಿರುವವರಿಗೂ ಒಂದೇ ಚಿತ್ರ, ಒಂದೇ ದನಿ: ನನ್ನ ಅನುಭವ

ಬೆಂಗಳೂರಿನ ಬಡಾವಣೆ ಸಂಘಗಳಲ್ಲಿ ಮಳೆನೀರು ಕೊಯ್ಲಿನ ಬಗ್ಗೆ ಮಾತನಾಡುವಾಗ ಹಾಲ್‌ನಲ್ಲಿ ಇಪ್ಪತ್ತೈದು ಮೂವತ್ತು ಜನ ಇದ್ದರೆ ಝೂಮ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಜನ ಇರುತ್ತಾರೆ. ಮನೆಯಲ್ಲಿರುವವರ ಪೈಕಿ ಬಹಳ ಜನ ನೋಡುವುದು ಮೊಬೈಲಿನಲ್ಲಿ. ಅರ್ಧ ಗಂಟೆಯ ಮಾತಿಗೆ ನಾನು ಮಾಡಿಕೊಳ್ಳುವ ತಯಾರಿಯೆಲ್ಲ ಒಂದೇ ನಿಯಮದ ಮೇಲೆ ನಿಂತಿದೆ: ಮನೆಯವರಿಗೆ ಕಾಣದ್ದನ್ನು ಹಾಲ್‌ನವರಿಗೆ ತೋರಿಸಬಾರದು, ಅವರಿಗೆ ಕೇಳದ್ದನ್ನು ಇವರಿಗೆ ಹೇಳಬಾರದು.

ಈ ನಿಯಮ ತಪ್ಪದಿರಲು ನಾನು ಪ್ರೊಜೆಕ್ಟರಿಗೆ ನನ್ನ ಲ್ಯಾಪ್‌ಟಾಪ್ ಜೋಡಿಸುವುದಿಲ್ಲ. ಇನ್ನೊಂದು ಲ್ಯಾಪ್‌ಟಾಪನ್ನು ಸಾಮಾನ್ಯ ವೀಕ್ಷಕನಂತೆ ಅದೇ ಮೀಟಿಂಗಿಗೆ ಸೇರಿಸಿ, ಅದರ ಎಚ್‌ಡಿಎಂಐ ಕೇಬಲ್ಲನ್ನು ಪ್ರೊಜೆಕ್ಟರಿಗೆ ಕೊಡುತ್ತೇನೆ. ಆಗ ಗೋಡೆಯ ಮೇಲೆ ಬೀಳುವುದು ಮನೆಯವರು ನೋಡುತ್ತಿರುವ ಚಿತ್ರವೇ. ಶೇರ್ ನಿಂತುಹೋದರೆ, ತಪ್ಪು ವಿಂಡೋ ಶೇರ್ ಆದರೆ ಹಾಲ್‌ನವರೇ ತಕ್ಷಣ ಹೇಳುತ್ತಾರೆ. ಮನೆಯವರು ಚಾಟ್‌ನಲ್ಲಿ ಬರೆದು ಕಾಯಬೇಕಿಲ್ಲ. ಸ್ಲೈಡು ಗೋಡೆಗೆ ಬರುವುದು ಅರೆಕ್ಷಣ ತಡವಾಗುತ್ತದೆ ನಿಜ, ಆದರೆ ಆ ತಡ ಮನೆಯವರಿಗೂ ಇದೆ. ಅದು ಕಣ್ಣೆದುರಿಗಿದ್ದರೆ ಸ್ಲೈಡು ಬಂದ ಮೇಲೆ ಬಾಯಿ ತೆರೆಯುವುದು ತಾನಾಗಿ ರೂಢಿಯಾಗುತ್ತದೆ. ಈ ಎರಡನೆಯ ಲ್ಯಾಪ್‌ಟಾಪಿನಲ್ಲಿ ಆಡಿಯೊ ಸೇರಿಸಲೇಬಾರದು. ಮ್ಯೂಟ್ ಮಾಡಿದರೆ ಸಾಲದು, ಏಕೆಂದರೆ ಸ್ಪೀಕರ್ ಆನ್ ಇದ್ದರೆ ಅದರ ದನಿ ಮೈಕಿಗೆ ನುಗ್ಗಿ ಎಲ್ಲರಿಗೂ ಮಾತು ಎರಡೆರಡು ಸಲ ಕೇಳುತ್ತದೆ.

ಇನ್ನು ಸ್ಲೈಡು. ಪವರ್‌ಪಾಯಿಂಟಿನ ಅಗಲದ ಸ್ಲೈಡು ಸುಮಾರು 34 ಸೆಂ.ಮೀ. ಇರುತ್ತದೆ. ಮೊಬೈಲನ್ನು ನೆಟ್ಟಗೆ ಹಿಡಿದರೆ ಅದು 7 ಸೆಂ.ಮೀ.ಗೆ ಇಳಿಯುತ್ತದೆ, ಅಂದರೆ ಐದರಲ್ಲೊಂದು ಪಾಲು. 18 ಪಾಯಿಂಟಿನ ಅಕ್ಷರ ಅಲ್ಲಿ ನಾಲ್ಕು ಪಾಯಿಂಟಿಗೂ ಕಡಿಮೆ. ಕನ್ನಡದಲ್ಲಿ ತೊಂದರೆ ಇನ್ನೂ ಹೆಚ್ಚು, ಒತ್ತಕ್ಷರಗಳು ಮೊದಲೇ ಚಿಕ್ಕವು. ನೆಟ್ ನಿಧಾನವಾಗಿ ಚಿತ್ರ ಮಸುಕಾದರೆ ಮೊದಲು ಕರಗುವುದು ಅವೇ. ಹಾಗಾಗಿ 32 ಪಾಯಿಂಟಿಗಿಂತ ಸಣ್ಣ ಅಕ್ಷರ ಬಳಸುವುದಿಲ್ಲ. ಸ್ಲೈಡುಗಳ ಪಿಡಿಎಫ್ ಅನ್ನು ನನ್ನದೇ ಮೊಬೈಲಿಗೆ ಕಳಿಸಿ, ನೆಟ್ಟಗೆ ಹಿಡಿದು, ಹಿಗ್ಗಿಸದೆ ಓದಿ ನೋಡುತ್ತೇನೆ. ಓದಲಾಗದ ಸ್ಲೈಡನ್ನು ಎರಡು ಮಾಡುತ್ತೇನೆ.

ಆನಿಮೇಶನ್ ಕೂಡ ಬೇಡ. ಸ್ಕ್ರೀನ್ ಶೇರ್‌ನಲ್ಲಿ ಸೆಕೆಂಡಿಗೆ ಕಳಿಸುವ ಚಿತ್ರಗಳು ಕಡಿಮೆ, ಆದ್ದರಿಂದ ಜಾರಿ ಬರುವ ಬಾಣ ಅಲ್ಲಲ್ಲಿ ನೆಗೆಯುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಲೆಕ್ಕವನ್ನು ಹಂತಹಂತವಾಗಿ ತೋರಿಸಬೇಕಿದ್ದರೆ ಹಂತಕ್ಕೊಂದು ಸ್ಲೈಡು ಮಾಡುತ್ತೇನೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್, ಇದು ಮೊದಲ ಸ್ಲೈಡು. 100 ಚದರ ಮೀಟರ್ ತಾರಸಿಗೆ 20 ಮಿ.ಮೀ. ಮಳೆ ಬಂದರೆ 2,000 ಲೀಟರ್, ಇದು ಎರಡನೆಯದು. ಐದರಲ್ಲೊಂದು ಪಾಲು ಪೋಲಾಗುತ್ತದೆ ಎಂದು ಹಿಡಿದರೆ ಸಂಪಿಗೆ ಸೇರುವುದು 1,600 ಲೀಟರ್, ಇದು ಮೂರನೆಯದು. ಪ್ರತಿ ಸ್ಲೈಡಿನ ಮೂಲೆಯಲ್ಲಿ ದಪ್ಪಕ್ಷರದಲ್ಲಿ ಅದರ ಸಂಖ್ಯೆ ಇರುತ್ತದೆ. ಪ್ರಶ್ನೆ ಕೇಳುವವರು “ಏಳನೆಯದಕ್ಕೆ ಹೋಗಿ” ಎಂದರೆ ಸಾಕು.

ಬೆರಳು ತೋರಿಸುವುದನ್ನು ಬಿಡುವುದು ಎಲ್ಲಕ್ಕಿಂತ ಕಷ್ಟ. ಲೇಸರ್ ಪಾಯಿಂಟರಿನ ಚುಕ್ಕೆ ಗೋಡೆಯ ಮೇಲಷ್ಟೇ ಬೀಳುತ್ತದೆ, ಮನೆಯವರಿಗೆ ಅದು ಇಲ್ಲವೇ ಇಲ್ಲ. ಪವರ್‌ಪಾಯಿಂಟಿನ ಸ್ಲೈಡ್ ಶೋದಲ್ಲಿ `Ctrl+L` ಒತ್ತಿದರೆ ಮೌಸೇ ಕೆಂಪು ಚುಕ್ಕೆಯಾಗುತ್ತದೆ, ಅದು ಇಬ್ಬರಿಗೂ ಕಾಣುತ್ತದೆ. ಅದನ್ನೂ ಸುತ್ತಿಸದೆ ಒಂದು ಕಡೆ ನಿಲ್ಲಿಸಬೇಕು. ಅದಕ್ಕಿಂತ ಮುಖ್ಯವಾದದ್ದು ಮಾತು. “ಇಲ್ಲಿಂದ ನೀರು ಹೀಗೆ ಬಂದು ಇದಕ್ಕೆ ಬೀಳುತ್ತೆ” ಎಂದರೆ ಹಾಲ್‌ನವರಿಗೆ ಅರ್ಥವಾಗುತ್ತದೆ, ನೆಟ್ ಕೈಕೊಟ್ಟು ಬರೀ ದನಿ ಕೇಳುತ್ತಿರುವವರಿಗೆ ಏನೂ ಸಿಗುವುದಿಲ್ಲ. ಅದನ್ನೇ ನಾನು ಹೀಗೆ ಬರೆದಿಟ್ಟುಕೊಳ್ಳುತ್ತೇನೆ: “ಎಡಗಡೆ ಮೇಲಿನ ನೀಲಿ ಪೈಪು ತಾರಸಿಯಿಂದ ಬಂದದ್ದು. ಅದು ನಡುವೆ ಇರುವ ಫಿಲ್ಟರಿಗೆ ಸೇರುತ್ತೆ. ಫಿಲ್ಟರಿಗಿಂತ ಮುಂಚೆ ಕೆಳಕ್ಕಿಳಿದ ಕೆಂಪು ಕವಲಿನಲ್ಲಿ ಮೊದಲ ಮಳೆಯ ಕೊಳಕು ನೀರು ಹೊರಗೆ ಹೋಗುತ್ತೆ.” ಭಾಷಣದ ಟಿಪ್ಪಣಿಯಲ್ಲಿ “ಇದು”, “ಅಲ್ಲಿ”, “ಹೀಗೆ” ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಗೆರೆ ಎಳೆದು, ಬಣ್ಣ, ದಿಕ್ಕು ಅಥವಾ ಹೆಸರು ಹಾಕುವುದು ಹತ್ತು ನಿಮಿಷದ ಕೆಲಸ.

ಫಿಲ್ಟರಿನ ಜಾಲರಿಯಂಥ ವಸ್ತುವನ್ನು ಕೈಯಿಂದ ಕೈಗೆ ದಾಟಿಸುವುದು ಮಾತು ಮುಗಿದ ಮೇಲೆ. ನಡುವೆ ತೋರಿಸಲೇಬೇಕಿದ್ದರೆ ಒಂದು ಮೊಬೈಲನ್ನು ಆಡಿಯೊ ಇಲ್ಲದೆ ಮೀಟಿಂಗಿಗೆ ಸೇರಿಸಿ, ಸ್ಟ್ಯಾಂಡಿನಲ್ಲಿ ಮೇಜಿನ ಕಡೆ ಮುಖ ಮಾಡಿ ಕೂರಿಸುತ್ತೇನೆ. ಸ್ಲೈಡ್ ಶೇರ್ ನಿಲ್ಲಿಸಿ ಆ ಮೊಬೈಲನ್ನು ಸ್ಪಾಟ್‌ಲೈಟ್ ಮಾಡಿದರೆ ಜಾಲರಿ ಗೋಡೆಯ ಮೇಲೂ ಮನೆಯಲ್ಲೂ ಒಟ್ಟಿಗೆ ದೊಡ್ಡದಾಗಿ ಕಾಣುತ್ತದೆ. ಅಳತೆ ಗೊತ್ತಾಗಲು ಪಕ್ಕದಲ್ಲಿ ಒಂದು ಸ್ಕೇಲು.

ದನಿಯ ವಿಷಯಕ್ಕೆ ಬಂದರೆ, ಲ್ಯಾಪ್‌ಟಾಪಿನ ಮೈಕು ನಂಬಿ ಕೆಡದವರಿಲ್ಲ. ಮೈಕು ಮತ್ತು ಬಾಯಿಯ ದೂರ ಇಮ್ಮಡಿಯಾದರೆ ನೇರ ದನಿ ಸುಮಾರು 6 ಡೆಸಿಬೆಲ್ ತಗ್ಗುತ್ತದೆ, ಗೋಡೆಗಳಿಂದ ಬರುವ ಮಾರ್ದನಿ ಮಾತ್ರ ಹಾಗೇ ಉಳಿಯುತ್ತದೆ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣಿನೊಳಗೆ ಸಿಕ್ಕಿಸಿಕೊಳ್ಳುತ್ತೇನೆ, ಪ್ರಶ್ನೆ ಕೇಳುವವರಿಗೆ ಇನ್ನೊಂದು ಕಾರ್ಡ್‌ಲೆಸ್ ಮೈಕು. ಎರಡೂ ಮಿಕ್ಸರಿಗೆ ಹೋಗಿ, ಹಾಲ್‌ನ ಸ್ಪೀಕರಿಗಲ್ಲದೆ ಬೇರೆ ಕಡೆಗೆ ದನಿ ಕಳಿಸಲು ಮಿಕ್ಸರಿನಲ್ಲಿರುವ ಆಕ್ಸ್ ಔಟ್‌ನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಮೂಲಕ ನನ್ನ ಲ್ಯಾಪ್‌ಟಾಪಿಗೆ ಬರುತ್ತವೆ. ಹೆಡ್‌ಸೆಟ್ ತೂತಿಗೆ ನೇರ ಚುಚ್ಚಿದರೆ ಮಿಕ್ಸರಿನ ಸಿಗ್ನಲ್ ಅದಕ್ಕೆ ವಿಪರೀತ ಜೋರು, ದನಿ ಒಡೆಯುತ್ತದೆ. ಮನೆಯವರ ದನಿ ನನ್ನ ಲ್ಯಾಪ್‌ಟಾಪಿನಿಂದ ಮಿಕ್ಸರಿನ ಇನ್ನೊಂದು ಚಾನೆಲ್‌ಗೆ ಬಂದು ಹಾಲ್‌ನ ಸ್ಪೀಕರಿಗೆ ಹೋಗುತ್ತದೆ. ಆ ಚಾನೆಲ್‌ನ ಆಕ್ಸ್ ತಿರುಪು ಪೂರ್ತಿ ಸೊನ್ನೆಯಲ್ಲಿರಬೇಕು. ಇಲ್ಲದಿದ್ದರೆ ಮನೆಯವರಿಗೆ ತಮ್ಮದೇ ಮಾತು ಸ್ವಲ್ಪ ತಡವಾಗಿ ವಾಪಸು ಕೇಳಿ, ಎರಡು ಪದಕ್ಕೊಮ್ಮೆ ತಡವರಿಸುತ್ತಾರೆ. ಹಾಲ್‌ನಲ್ಲಿ ಕೂತವರಿಗೆ ಈ ದೋಷ ಕೇಳಿಸುವುದೇ ಇಲ್ಲ. ಅದಕ್ಕಾಗಿಯೇ ಪರೀಕ್ಷೆಯ ಹೊತ್ತಿಗೆ ಒಬ್ಬರು ಮನೆಯಿಂದ ಸೇರಿ ಮಾತಾಡಲೇಬೇಕು. ಹಾಲ್‌ನ ಎಲ್ಲ ಮೂಲೆಯಿಂದಲೂ ಒಂದೊಂದು ವಾಕ್ಯ ಅವರಿಗೆ ಹೇಳಿ, ಏನು ಕೇಳಿಸಿತು ಎಂದು ತಿರುಗಿ ಹೇಳಿಸುತ್ತೇನೆ.

ಪ್ರಶ್ನೆಗಳನ್ನೆಲ್ಲ ಕೊನೆಗೇ ಇಡುವುದಿಲ್ಲ. ಅರ್ಧ ಗಂಟೆಯಲ್ಲಿ ಇಪ್ಪತ್ತೆರಡು ನಿಮಿಷ ಮಾತು, ಉಳಿದದ್ದು ಎರಡು ನಿಲುಗಡೆ ಮತ್ತು ಕೊನೆಯ ಪ್ರಶ್ನೆಗಳು. ನಿಲುಗಡೆಯಲ್ಲಿ ಮೊದಲ ಅವಕಾಶ ಮನೆಯವರಿಗೆ. ಮಾತು ತಲುಪುವ ತಡ, ಅನ್‌ಮ್ಯೂಟ್ ಹುಡುಕುವ ತಡ ಸೇರಿದರೆ ಐದಾರು ಸೆಕೆಂಡ್ ಬೇಕು; ಅಷ್ಟರಲ್ಲಿ ಎದುರಿಗಿರುವವರು ಕೈಯೆತ್ತಿ ಮಾತು ಶುರು ಮಾಡಿಬಿಟ್ಟಿರುತ್ತಾರೆ. ಆದ್ದರಿಂದ ಮನಸ್ಸಿನಲ್ಲೇ ಹತ್ತು ಎಣಿಸಿ ಆಮೇಲೆ ಹಾಲ್ ಕಡೆ ತಿರುಗುತ್ತೇನೆ. ಚಾಟ್ ನೋಡಲು ಬೇರೆಯವರೇ ಇರಬೇಕು, ಮುಂದಿನ ಸಾಲಿನಲ್ಲಿ ನನಗೆ ಕಾಣುವಂತೆ. ಪ್ರಶ್ನೆ ಬಂದರೆ ಅವರು ಹಳದಿ ಚೀಟಿ ಎತ್ತುತ್ತಾರೆ, “ಸರ್, ಮನೆಯಿಂದ ಒಬ್ಬರು ಕೇಳ್ತಿದ್ದಾರೆ” ಎಂದು ಮೈಕಿನಲ್ಲಿ ಓದುತ್ತಾರೆ. ಮೈಕಿಲ್ಲದೆ ಹಾಲ್‌ನಲ್ಲಿ ಯಾರಾದರೂ ಕೇಳಿದರೆ ಉತ್ತರಿಸುವ ಮುಂಚೆ ಪ್ರಶ್ನೆಯನ್ನು ನಾನೇ ಪೂರ್ತಿ ಹೇಳುತ್ತೇನೆ.

ಚಾಟ್ ನೋಡುವವರನ್ನು ಕೋ-ಹೋಸ್ಟ್ ಮಾಡಿರುತ್ತೇನೆ, ಅವರ ಲ್ಯಾಪ್‌ಟಾಪು ಹಾಲ್‌ನ ವೈಫೈಗೆ ಬದಲು ಮೊಬೈಲ್ ಹಾಟ್‌ಸ್ಪಾಟಿನಲ್ಲಿರುತ್ತದೆ. ವೈಫೈ ಹೋದರೆ ನಾನು ಹೊರಬಿದ್ದರೂ ಮೀಟಿಂಗ್ ಉಳಿದಿರುತ್ತದೆ, ಅವರು ಚಾಟ್‌ನಲ್ಲಿ “ಸ್ಲೈಡ್ 9ರಲ್ಲಿ ನಿಂತಿದ್ದೇವೆ, ಎರಡು ನಿಮಿಷ” ಎಂದು ಹಾಕುತ್ತಾರೆ. ಆ ಹೊತ್ತಿನಲ್ಲಿ ಹಾಲ್‌ನವರಿಗೆ ಹೊಸದೇನೂ ಹೇಳುವುದಿಲ್ಲ, ಹಿಂದಿನದರ ಪ್ರಶ್ನೆಗಳನ್ನಷ್ಟೇ ತೆಗೆದುಕೊಳ್ಳುತ್ತೇನೆ. ಐದು ನಿಮಿಷ ದಾಟಿದರೆ ಎಚ್‌ಡಿಎಂಐ ಕೇಬಲ್ಲನ್ನು ನನ್ನ ಲ್ಯಾಪ್‌ಟಾಪಿಗೆ ಬದಲಿಸಿ ಮುಂದುವರಿಸುತ್ತೇನೆ. ಉಳಿದ ಸ್ಲೈಡುಗಳನ್ನು ಮಾರನೆಯ ಸಂಜೆ ಝೂಮ್‌ನವರಿಗೆ ಮತ್ತೆ ಹೇಳುವುದಾಗಿ ಅಲ್ಲೇ ಸಮಯ ಗೊತ್ತು ಮಾಡಿ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿಸುತ್ತೇನೆ.